ಹೊಸ ಶಾಖೆ ಉದ್ಘಾಟನೆಯ ಧನ್ಯವಾದ ಭಾಷಣ: ವಿಷಯ ಹುಡುಕುವುದರಿಂದ ಮೈಕ್ ಹಿಡಿಯುವವರೆಗೆ

ಹೊಸ ಶಾಖೆ ಶುರುವಾಗುವ ದಿನ ಧನ್ಯವಾದ ಹೇಳುವ ಕೆಲಸ ಸಾಮಾನ್ಯವಾಗಿ ಶಾಖೆಯ ಮ್ಯಾನೇಜರ್ ಮೇಲೋ ಕಟ್ಟಡದ ಕೆಲಸ ನೋಡಿಕೊಂಡವರ ಮೇಲೋ ಬೀಳುತ್ತದೆ. ಭಾಷಣದ ನೆನಪಾಗುವುದು ಮಾತ್ರ ಹಿಂದಿನ ರಾತ್ರಿ. ಆಗ ಕೂತು ಬರೆದರೆ ಬರುವುದು ಒಂದೇ ಸಾಲು: "ಈ ಶಾಖೆ ಸಕಾಲಕ್ಕೆ ಸಿದ್ಧವಾಗಲು ಸಹಕರಿಸಿದ ಎಲ್ಲ ಗುತ್ತಿಗೆದಾರರಿಗೂ, ಸಿಬ್ಬಂದಿ ವರ್ಗಕ್ಕೂ, ನೆರೆಹೊರೆಯವರಿಗೂ ಹೃತ್ಪೂರ್ವಕ ಧನ್ಯವಾದಗಳು." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದು ಯಾವ ಕಚೇರಿಗೆ ಬೇಕಾದರೂ ಹೊಂದುವ ಸಾಲು. ಹಾಗಾಗಿ ಹಿಂದೆ ಗೋಡೆಗೆ ಒರಗಿ ನಿಂತ ಎಲೆಕ್ಟ್ರಿಷಿಯನ್‌ಗೆ ಇದು ತನ್ನ ಬಗ್ಗೆ ಹೇಳಿದ್ದು ಅಂತ ಅನಿಸುವುದೇ ಇಲ್ಲ.

ಈ ಭಾಷಣ ಚೆನ್ನಾಗಿ ಆಗುವುದು ಬರವಣಿಗೆಯಿಂದಲ್ಲ, ಬರೆಯುವ ಮುಂಚೆ ಕಲೆಹಾಕುವ ವಿಷಯದಿಂದ. ಯಾರು ಏನು ಮಾಡಿದರು, ಅದನ್ನು ಮಾಡದೇ ಇದ್ದಿದ್ದರೆ ಇವತ್ತು ಬಾಗಿಲು ತೆರೆಯುತ್ತಿತ್ತಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಭಾಷಣದ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲು ವಿಷಯ ಕಲೆಹಾಕಿ

ಉದ್ಘಾಟನೆಗೆ ಒಂದು ವಾರ ಇರುವಾಗಲೇ ಶುರು ಮಾಡಿ. ಗುತ್ತಿಗೆ ಹಿಡಿದ ಸಂಸ್ಥೆಯ ಮಾಲೀಕರನ್ನು ಮೊದಲು ಕೇಳಬೇಡಿ, ಅವರು ಒಟ್ಟಾರೆ ಚಿತ್ರ ಕೊಡುತ್ತಾರೆ, ನಿಮಗೆ ಬೇಕಿರುವುದು ಬಿಡಿ ಬಿಡಿ ಘಟನೆಗಳು. ಸೈಟ್ ಸೂಪರ್‌ವೈಸರ್ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಆಮೇಲೆ ಗೇಟಿನ ಸೆಕ್ಯುರಿಟಿಯವರ ಹತ್ತಿರ ಮಾತಾಡಿ, ಯಾರು ಎಷ್ಟು ಹೊತ್ತಿಗೆ ಬಂದರು ಎಷ್ಟು ಹೊತ್ತಿಗೆ ಹೋದರು ಅನ್ನುವುದು ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರುವುದಿಲ್ಲ.

ಕೇಳಬೇಕಾದ ಪ್ರಶ್ನೆ ಮೂರೇ. ಕೆಲಸ ನಿಂತೇ ಹೋಗುತ್ತೆ ಅನಿಸಿದ ಗಳಿಗೆ ಯಾವುದು? ಆಗ ಮುಂದೆ ಬಂದವರು ಯಾರು, ಏನು ಮಾಡಿದರು? ಈ ಕೆಲಸದಿಂದ ಅಕ್ಕಪಕ್ಕದವರಿಗೆ ಏನು ತೊಂದರೆಯಾಯಿತು? "ಯಾರು ಚೆನ್ನಾಗಿ ಕೆಲಸ ಮಾಡಿದರು" ಅಂತ ಕೇಳಬೇಡಿ. ಅದಕ್ಕೆ ಬರುವ ಉತ್ತರ "ಎಲ್ಲರೂ ಚೆನ್ನಾಗಿಯೇ ಮಾಡಿದರು ಸಾರ್" ಅಂತ. ತೊಂದರೆಯ ಬಗ್ಗೆ ಕೇಳಿದರೆ ಮಾತ್ರ ಕಥೆ ಹೊರಗೆ ಬರುತ್ತದೆ.

ಬಾಯಿಮಾತು ಸಾಲದು ಅನಿಸಿದರೆ ಸೈಟಿನಲ್ಲಿ ದಿನಾ ಬರೆಯುವ ಪುಸ್ತಕ ನೋಡಿ. ಕೆಲಸದ ವಾಟ್ಸಾಪ್ ಗುಂಪು ಇದ್ದರೆ ಅದನ್ನೂ ಹಿಂದಕ್ಕೆ ಓದಿಕೊಂಡು ಹೋಗಿ. ಎಲ್ಲಿ ಮೆಸೇಜ್‌ಗಳು ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗಿವೆಯೋ ಅಲ್ಲೇ ಏನೋ ಕೆಟ್ಟಿತ್ತು ಅಂತ ಅರ್ಥ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಭಾಷಣವನ್ನೂ ಇದರ ಮೇಲೆಯೇ ಕಟ್ಟೋಣ. ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಹೊಸ ಶಾಖೆ. ಕೆಳಗೆ ಅಂಗಡಿ, ಮೇಲೆ ಮನೆ. ಉದ್ಘಾಟನೆಗೆ ಇನ್ನು ಮೂರು ವಾರ ಇದೆ ಅನ್ನುವಾಗ ಫಾಲ್ಸ್ ಸೀಲಿಂಗ್ ಹಲಗೆ ಮುಚ್ಚಲು ಹೊರಟವರಿಗೆ ಒಂದು ಮೂಲೆಯಲ್ಲಿ ತೇವ ಕಂಡಿತು. ಮೇಲಿನ ಮನೆಯ ಬಚ್ಚಲಿನ ಪೈಪ್ ಸೋರುತ್ತಿತ್ತು. ಹಾಗೇ ಮುಚ್ಚಿಬಿಟ್ಟರೆ ದಿನಾಂಕ ಉಳಿಯುತ್ತದೆ, ಆದರೆ ಆ ಮೂಲೆಯ ಕೆಳಗೇ ಯುಪಿಎಸ್ ಮತ್ತು ನೆಟ್‌ವರ್ಕ್ ಪೆಟ್ಟಿಗೆ ಕೂರಬೇಕಿತ್ತು. ಸರಿಪಡಿಸಬೇಕೆಂದರೆ ಮೇಲಿನ ಮನೆಯ ಬಚ್ಚಲು ಒಡೆಯಬೇಕು.

ತೇವವನ್ನು ನೋಡಿ "ಇದನ್ನು ಮುಚ್ಚೋದು ಬೇಡ" ಅಂತ ಕೆಲಸ ನಿಲ್ಲಿಸಿದ್ದು ಸೀಲಿಂಗ್ ಹಾಕುತ್ತಿದ್ದ ಒಬ್ಬ ಕೆಲಸಗಾರ. ಮೇಲಿನ ಮನೆಯವರು ಪ್ಲಂಬರ್‌ನನ್ನು ಒಳಗೆ ಬಿಟ್ಟುಕೊಂಡು ಎರಡು ದಿನ ಬಚ್ಚಲಿಲ್ಲದೆ ಕಳೆದರು. ಅಷ್ಟರಲ್ಲಿ ಎಲೆಕ್ಟ್ರಿಷಿಯನ್‌ಗಳು ತಮ್ಮ ಕೆಲಸದ ಕ್ರಮವನ್ನೇ ಬದಲಿಸಿ, ಆ ಮೂಲೆ ಬಿಟ್ಟು ಕೌಂಟರ್ ಕಡೆಯ ವೈರಿಂಗ್ ಮೊದಲು ಮುಗಿಸಿದರು, ಹಾಗಾಗಿ ಮೂಲೆ ಒಣಗುವವರೆಗೆ ಯಾರೂ ಸುಮ್ನೆ ಕೂರಲಿಲ್ಲ. ಟೇಬಲ್, ಕುರ್ಚಿ, ಬೀರು ಬಂದಾಗ ಕೆಳಗಿನ ಅಂಗಡಿಯವರು ಬೆಳಗ್ಗೆ ತಮ್ಮ ಶಟರ್ ಮುಂದಿನ ಜಾಗ ಬಿಟ್ಟುಕೊಟ್ಟರು. ಹಳೆಯ ಶಾಖೆಯ ಇಬ್ಬರು ಸಿಬ್ಬಂದಿ ತಮ್ಮ ದಿನದ ಕೆಲಸ ಮುಗಿಸಿ ಬಂದು, ಒಂದೊಂದು ನೆಟ್‌ವರ್ಕ್ ಪಾಯಿಂಟಿಗೂ ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಕೆಲಸ ಮಾಡದ ಐದನ್ನು ಪಟ್ಟಿ ಮಾಡಿಕೊಟ್ಟರು.

ನೋಡಿ, ಗುತ್ತಿಗೆಯವರು, ಸಿಬ್ಬಂದಿ, ನೆರೆಯವರು ಮೂವರೂ ಒಂದೇ ಸೋರಿಕೆಯ ಸುತ್ತ ಬಂದು ನಿಂತರು. ನಿಮ್ಮ ಶಾಖೆಯಲ್ಲೂ ಇಂಥ ಒಂದು ಗಂಟು ಇದ್ದೇ ಇರುತ್ತದೆ. ಕರೆಂಟಿನ ಹೆಚ್ಚುವರಿ ಲೋಡ್ ಮಂಜೂರಾಗುವುದು ತಡವಾಗಿದ್ದಿರಬಹುದು, ಕೌಂಟರಿನ ಕಲ್ಲು ಅಳತೆ ತಪ್ಪಿ ಬಂದಿದ್ದಿರಬಹುದು. ಆ ಒಂದನ್ನು ಹಿಡಿದುಕೊಳ್ಳಿ. ಹತ್ತು ಘಟನೆ ಹೇಳಲು ಹೋದರೆ ಒಂದೂ ನಿಲ್ಲುವುದಿಲ್ಲ.

ಹೆಸರಿನ ಪಟ್ಟಿ

ಅತಿ ಜಾಸ್ತಿ ಎಡವುವ ಜಾಗ ಇದು. ಗುತ್ತಿಗೆದಾರರಿಗೆ ಧನ್ಯವಾದ ಅಂದಾಗ ಬಹಳ ಜನ ಮಾಲೀಕರ ಹೆಸರು ಹೇಳಿ ಮುಗಿಸುತ್ತಾರೆ. ಆದರೆ ಅವರ ಕೆಳಗೆ ವೈರಿಂಗ್‌ಗೆ ಒಬ್ಬರು, ಪ್ಲಂಬಿಂಗ್‌ಗೆ ಒಬ್ಬರು, ಸೀಲಿಂಗ್‌ಗೆ, ಬಣ್ಣಕ್ಕೆ, ಮರದ ಕೆಲಸಕ್ಕೆ ಇನ್ನೊಬ್ಬೊಬ್ಬರು ಒಳಗುತ್ತಿಗೆ ಹಿಡಿದಿರುತ್ತಾರೆ. ಕೈಯಾರೆ ಕೆಲಸ ಮಾಡಿದವರು ಅವರು ಮತ್ತು ಅವರ ಹುಡುಗರು. ಅವರ ಹೆಸರು ನಿಮ್ಮ ಕಚೇರಿಯ ಯಾವ ಕಾಗದದಲ್ಲೂ ಇರುವುದಿಲ್ಲ, ಸೂಪರ್‌ವೈಸರ್ ಹತ್ತಿರವೇ ಬರೆಸಿಕೊಳ್ಳಬೇಕು.

ನನ್ನ ಲೆಕ್ಕದಲ್ಲಿ ಒಂದು ನಿಯಮ ಸಾಕು. ಒಂದು ಗುಂಪಿನಲ್ಲಿ ಎಲ್ಲರ ಹೆಸರು ಹೇಳಿ, ಇಲ್ಲವೇ ಒಬ್ಬರ ಕೆಲಸ ಹೇಳಿ ಅವರ ಹೆಸರಿನ ಜೊತೆ ಇಡೀ ತಂಡವನ್ನು ಸೇರಿಸಿ. ಎಂಟು ಜನರಲ್ಲಿ ಆರು ಜನರ ಹೆಸರು ಹೇಳುವುದು ಇದೆಯಲ್ಲ, ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಉಳಿದ ಇಬ್ಬರಿಗೆ ಭಾಷಣದಲ್ಲಿ ನೆನಪಿರುವುದು ಅದೊಂದೇ.

ಒಟ್ಟು ಹೇಳುವ ಹೆಸರು ಏಳೆಂಟು ದಾಟದಿರಲಿ. ಪ್ರತಿಯೊಂದನ್ನೂ ಅವರನ್ನೇ ಕೇಳಿ ಉಚ್ಚಾರ ಸರಿ ಮಾಡಿಕೊಳ್ಳಿ. ಸೈಟಿನಲ್ಲಿ ಎಲ್ಲರೂ ಕರೆಯುವ ಅಡ್ಡಹೆಸರು ಒಂದಿರುತ್ತದೆ, ಅವರ ನಿಜವಾದ ಹೆಸರು ಬೇರೆಯೇ ಇರುತ್ತದೆ. ವೇದಿಕೆಯ ಮೇಲಿಂದ ಯಾವುದನ್ನು ಹೇಳಿದರೆ ಇಷ್ಟ ಅಂತ ಕೇಳಿಬಿಡಿ. ನೆರೆಯವರನ್ನಂತೂ ಮೊದಲೇ ಕೇಳಲೇಬೇಕು, ತಮ್ಮ ಮನೆಯ ಬಚ್ಚಲಿನ ಸುದ್ದಿ ನೂರು ಜನರ ಮುಂದೆ ಬರುವುದು ಕೆಲವರಿಗೆ ಮುಜುಗರ. ಅವರು ಬೇಡ ಅಂದರೆ "ಮೇಲಿನ ಮನೆಯವರು" ಅಂದರೆ ಸಾಕು, ಅಥವಾ ಬಚ್ಚಲಿನ ಮಾತು ಬಿಟ್ಟು "ತಮ್ಮ ಮನೆ ಬಾಗಿಲು ತೆರೆದುಕೊಟ್ಟರು" ಅನ್ನಬಹುದು.

ಬರೆಯುವ ಮುಂಚೆ ನೋಡಬೇಕಾದ ಎರಡು ವಿಷಯ

ಒಂದು, ಹಣ. ಸಿಬ್ಬಂದಿ ರಾತ್ರಿ ಉಳಿದು ಕೆಲಸ ಮಾಡಿದ್ದನ್ನು ನೀವು ಹೊಗಳಲು ಹೊರಟಿದ್ದೀರಿ ಅಂದರೆ, ಆ ಹೆಚ್ಚಿನ ಹೊತ್ತಿನ ಸಂಬಳವೋ ಬದಲಿ ರಜೆಯೋ ಅವರಿಗೆ ಸಿಕ್ಕಿದೆಯಾ ಅಂತ ಮೊದಲು ವಿಚಾರಿಸಿ. ಗುತ್ತಿಗೆದಾರರಿಗೆ ಬರಬೇಕಾದ ಕಂತು ಮೇಜಿನ ಮೇಲೆ ಸಹಿಗಾಗಿ ಕಾದಿದ್ದರೆ, ಉದ್ಘಾಟನೆಗೆ ಮೊದಲೇ ಅದನ್ನು ಕಳಿಸಿ. ಬಾಕಿ ಇಟ್ಟುಕೊಂಡು ಹೊಗಳಿದರೆ ಕೇಳಿಸಿಕೊಳ್ಳುವವರಿಗೆ ಹೊಗಳಿಕೆ ಕೇಳುವುದಿಲ್ಲ, ಬಾಕಿ ಮಾತ್ರ ನೆನಪಾಗುತ್ತದೆ.

ಎರಡು, ಮುಗಿಯದ ಕೆಲಸ. ಉದ್ಘಾಟನೆಯ ದಿನ ಎಲ್ಲವೂ ಮುಗಿದಿರುವುದು ಅಪರೂಪ. ಒಂದು ಬಾಗಿಲು ಸರಿಯಾಗಿ ಕೂರುತ್ತಿರುವುದಿಲ್ಲ, ಎಲ್ಲೋ ಬಣ್ಣದ ಎರಡನೇ ಕೋಟ್ ಬಾಕಿ ಇರುತ್ತದೆ. ಅದಕ್ಕೆ ಬಾಕಿ ಕೆಲಸಗಳ ಪಟ್ಟಿ ಇರುತ್ತದೆ, ಒಪ್ಪಂದದಲ್ಲಿ ಸಾಮಾನ್ಯವಾಗಿ ಆಮೇಲೆ ಕಾಣುವ ದೋಷ ಸರಿಪಡಿಸಲು ಒಂದು ಅವಧಿಯೂ, ಅಲ್ಲಿಯವರೆಗೆ ತಡೆಹಿಡಿದ ಒಂದಿಷ್ಟು ಹಣವೂ ಇರುತ್ತದೆ. ಹೀಗಿರುವಾಗ "ಒಂದೇ ಒಂದು ಕೊರತೆ ಇಲ್ಲದೆ ಪೂರ್ತಿ ಮುಗಿಸಿಕೊಟ್ಟರು" ಅಂತ ಮೈಕಿನಲ್ಲಿ ಹೇಳಿ, ಮುಂದಿನ ವಾರ ಅದೇ ಪಟ್ಟಿ ಹಿಡಿದು ಅವರ ಮುಂದೆ ನಿಲ್ಲುವುದು ಇಬ್ಬರಿಗೂ ಕಷ್ಟ. "ಹೇಳಿದ ದಿನಕ್ಕೆ ಬಾಗಿಲು ತೆರೆಯುವ ಹಾಗೆ ಮಾಡಿಕೊಟ್ಟರು" ಅನ್ನಿ. ಅದು ನಿಜ, ಅದು ಸಾಕು. "ನಮ್ಮ ಮುಂದಿನ ಶಾಖೆಯ ಕೆಲಸವೂ ಇವರಿಗೇ" ಅನ್ನುವ ಮಾತಂತೂ ಬೇಡವೇ ಬೇಡ, ಅದನ್ನು ತೀರ್ಮಾನ ಮಾಡುವುದು ಭಾಷಣದಲ್ಲಲ್ಲ.

ಇನ್ನೊಂದು ಮಾತು ಇದಕ್ಕೇ ಸೇರಿದ್ದು. "ಮೂರು ರಾತ್ರಿ ಕಣ್ಣು ಮುಚ್ಚದೆ ಏಣಿ ಮೇಲೆ ನಿಂತು ಕೆಲಸ ಮಾಡಿದರು" ಅನ್ನುವುದು ಕೇಳಲು ರೋಮಾಂಚನ, ಆದರೆ ನಿದ್ದೆಗೆಟ್ಟವರನ್ನು ಏಣಿ ಹತ್ತಿಸಿದ್ದು ಹೆಮ್ಮೆಯ ವಿಷಯವಲ್ಲ. ಅವರು ತೋರಿಸಿದ ಜಾಣತನವನ್ನು ಹೊಗಳಿ. ನಮ್ಮ ಉದಾಹರಣೆಯಲ್ಲಿ ಎಲೆಕ್ಟ್ರಿಷಿಯನ್‌ಗಳು ಕ್ರಮ ಬದಲಿಸಿ ದಿನ ಉಳಿಸಿದರು, ಅದು ಹೇಳುವಂಥ ಮಾತು.

ಕ್ರಮ ಮತ್ತು ಉದ್ದ

ನಾಲ್ಕು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ, ಯಾಕಂದರೆ ನಿಮ್ಮ ಮುಂದಿರುವ ಬಹಳ ಜನ ನಿಂತೇ ಕೇಳುತ್ತಿರುತ್ತಾರೆ. ಕನ್ನಡದ ಪದಗಳು ಉದ್ದ, ಹಾಗಾಗಿ ನಿಧಾನವಾಗಿ ಹೇಳಿದರೆ ನಿಮಿಷಕ್ಕೆ 80ರಿಂದ 90 ಪದ ಹಿಡಿಯುತ್ತದೆ ಅಂದುಕೊಂಡು ಬರೆಯಿರಿ. ಮುನ್ನೂರು ಪದದ ಸುತ್ತ ನಿಲ್ಲಿಸಿದರೆ ಚಪ್ಪಾಳೆಗೂ ಜಾಗ ಉಳಿಯುತ್ತದೆ. ಬರೆದ ಮೇಲೆ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ.

ಕ್ರಮದ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು, ನಾನು ಹೇಳುವುದು ಇದು: ಮೊದಲು ಗುತ್ತಿಗೆಯವರು, ಆಮೇಲೆ ಸಿಬ್ಬಂದಿ, ಕೊನೆಗೆ ನೆರೆಯವರು. ಗುತ್ತಿಗೆಯವರ ಕೆಲಸ ಇವತ್ತಿಗೆ ಬಹುಪಾಲು ಮುಗಿಯಿತು, ಅವರು ಹೊರಡುವವರು, ಅವರ ಮಾತು ಮೊದಲು ಬರಲಿ. ಸಿಬ್ಬಂದಿ ನಾಳೆಯಿಂದ ಇಲ್ಲಿ ಕೂರುವವರು. ನೆರೆಯವರನ್ನು ಕೊನೆಗೆ ಇಡುವುದು ಅವರು ಕಡಿಮೆ ಅಂತಲ್ಲ. ಗುತ್ತಿಗೆಯವರಿಗೆ ಹಣ ಸಿಕ್ಕಿತು, ಸಿಬ್ಬಂದಿಗೆ ಸಂಬಳ ಸಿಕ್ಕಿತು, ನೆರೆಯವರಿಗೆ ಸಿಕ್ಕಿದ್ದು ಧೂಳು ಮತ್ತು ಸದ್ದು ಮಾತ್ರ, ಅದೂ ಯಾರೂ ಅವರನ್ನು ಕೇಳದೆ. ಹಾಗಾಗಿ ಅವರಿಗೆ ಬರೀ ಧನ್ಯವಾದ ಸಾಲದು, ಕ್ಷಮೆಯೂ ಬೇಕು, ಮುಂದಿನ ಬಗ್ಗೆ ಒಂದು ಖಚಿತ ಮಾತೂ ಬೇಕು. ಆ ಮಾತಿನಿಂದ ಬಾಗಿಲು ತೆರೆಯುವುದಕ್ಕೆ ಹೋಗುವುದು ಸಲೀಸು.

ಆ ಖಚಿತ ಮಾತು ಆಗಲೇ ಏರ್ಪಾಡಾಗಿರುವ ವಿಷಯವೇ ಆಗಿರಲಿ. "ಇನ್ನು ಮುಂದೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ" ಅಂತ ಯಾರೂ ಹೇಳಲಾಗದು, ಗ್ರಾಹಕರು ಬಂದ ಮೇಲೆ ಗಾಡಿ ನಿಲ್ಲಿಸುವ ತಕರಾರು ಬಂದೇ ಬರುತ್ತದೆ. ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಹಾಕಿಸಿದ್ದರೆ ಅದನ್ನು ಹೇಳಿ. ದೂರು ಹೇಳಲು ಯಾರ ಹತ್ತಿರ ಬರಬೇಕು ಅಂತ ಹೇಳಿ.

ಭಾಷಣ ಹೀಗಿರಬಹುದು

ಮೇಲಿನ ಉದಾಹರಣೆಗೆ ಬರೆದದ್ದು ಇದು. ಚುಕ್ಕಿ ಇರುವ ಕಡೆ ಹೆಸರು ಬರುತ್ತದೆ.

"ಎಲ್ಲರಿಗೂ ನಮಸ್ಕಾರ. ಇವತ್ತು ಈ ಬಾಗಿಲು ತೆರೆಯುತ್ತೆ ಅಂತ ನಾವು ಬಹಳ ಮುಂಚೆಯೇ ಹೇಳಿದ್ದೆವು. ಮೂರು ವಾರದ ಹಿಂದೆ ಒಂದು ಬೆಳಗ್ಗೆ ಅದು ಆಗುವುದಿಲ್ಲ ಅಂತ ನನಗೆ ಅನಿಸಿತ್ತು. ಅವತ್ತು ಏನಾಯಿತು ಅಂತ ಎರಡು ಮಾತು ಹೇಳುತ್ತೇನೆ, ಯಾಕಂದರೆ ಇಲ್ಲಿರುವ ಬಹಳ ಜನರಿಗೆ ಅದು ಗೊತ್ತಿಲ್ಲ.

ಸೀಲಿಂಗ್ ಮುಚ್ಚುವ ಕೆಲಸ ನಡೆಯುತ್ತಿತ್ತು. ಏಣಿ ಮೇಲೆ ಇದ್ದವರು … ಅವರು. ಒಂದು ಮೂಲೆಯಲ್ಲಿ ಅಂಗೈ ಅಗಲದ ತೇವ ಕಂಡಿತು. ಹಲಗೆ ಹೊಡೆದು ಮುಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಕೆಳಗಿಳಿದು, ಇದನ್ನು ಮುಚ್ಚೋದು ಬೇಡ ಅಂದರು. ಆ ಮೂಲೆಯ ಕೆಳಗೇ ಈಗ ನಮ್ಮ ಯುಪಿಎಸ್ ಇದೆ. ಸ್ವಾಮಿ, ಈ ಶಾಖೆ ಉಳಿದದ್ದು ನಿಮ್ಮ ಆ ಒಂದು ಮಾತಿನಿಂದ.

ಆ ಮೂಲೆ ಒಣಗುವವರೆಗೆ ಅಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. … ಅವರು ಮತ್ತು ಅವರ ವೈರಿಂಗ್ ತಂಡ ಕಾಯುತ್ತಾ ಕೂರಲಿಲ್ಲ. ಕೆಲಸವನ್ನು ತಿರುಗಿಸಿ ಹಾಕಿ ಕೌಂಟರ್ ಕಡೆಯಿಂದ ಶುರು ಮಾಡಿದರು. ಹೋಗಬೇಕಿದ್ದ ದಿನಗಳು ಹೋಗಲಿಲ್ಲ. ಪೈಪ್ ಸರಿ ಮಾಡಿದ … ಅವರಿಗೆ, ಬಣ್ಣದವರಿಗೆ, ಬಡಗಿಗಳಿಗೆ, ಇವರೆಲ್ಲರನ್ನೂ ಒಂದು ದಾರಿಗೆ ತಂದ ಸೂಪರ್‌ವೈಸರ್ … ಅವರಿಗೆ ನಮ್ಮ ಧನ್ಯವಾದ.

ನಮ್ಮ ಸಿಬ್ಬಂದಿಯಲ್ಲಿ … ಮತ್ತು … ಹಳೆಯ ಶಾಖೆಯ ಕೆಲಸ ಮುಗಿಸಿ ಇಲ್ಲಿಗೆ ಬರುತ್ತಿದ್ದರು. ಒಂದೊಂದು ಪಾಯಿಂಟಿಗೂ ವೈರ್ ಹಾಕಿ ನೋಡಿ ಐದು ಸತ್ತಿವೆ ಅಂತ ಪಟ್ಟಿ ಕೊಟ್ಟರು. ಇಲ್ಲದಿದ್ದರೆ ಅದು ಇವತ್ತು ಗ್ರಾಹಕರ ಎದುರಿಗೆ ಗೊತ್ತಾಗುತ್ತಿತ್ತು. ಅವರು ಇಲ್ಲಿ ಬಂದ ಹೊತ್ತಿನಲ್ಲಿ ಅಲ್ಲಿ ಅವರ ಕೆಲಸ ಹಂಚಿಕೊಂಡ ಉಳಿದವರಿಗೂ ಇದರಲ್ಲಿ ಪಾಲಿದೆ.

ಇನ್ನು ಈ ಕಟ್ಟಡದವರು. ಇಷ್ಟು ದಿನ ನಿಮಗೆ ಡ್ರಿಲ್ಲಿನ ಸದ್ದು ಕೇಳಿಸಿದೆವು, ಮೆಟ್ಟಿಲ ಮೇಲೆ ಧೂಳು ಹಾಕಿದೆವು. ಅದಕ್ಕೆ ಕ್ಷಮೆ ಕೇಳುತ್ತೇವೆ. ಮೇಲಿನ ಮನೆಯವರು ಪೈಪ್ ಸರಿ ಮಾಡಲು ತಮ್ಮ ಮನೆ ಬಾಗಿಲು ತೆರೆದುಕೊಟ್ಟರು, ಎರಡು ದಿನ ಕಷ್ಟಪಟ್ಟರು. ಆಗುವುದಿಲ್ಲ ಅಂದಿದ್ದರೆ ನಾವು ಏನೂ ಮಾಡುವ ಹಾಗಿರಲಿಲ್ಲ. ಕೆಳಗಿನ ಅಂಗಡಿಯವರು ನಮ್ಮ ಸಾಮಾನು ಇಳಿಸಲು ತಮ್ಮ ಶಟರ್ ಮುಂದೆ ಜಾಗ ಕೊಟ್ಟರು, ಅದೂ ವ್ಯಾಪಾರದ ಹೊತ್ತಿನಲ್ಲಿ. ನಾಳೆಯಿಂದ ನಮ್ಮ ಗ್ರಾಹಕರ ಗಾಡಿಗಳಿಗೆ ಹಿಂಭಾಗದಲ್ಲಿ ಗೆರೆ ಹಾಕಿದ್ದೇವೆ. ಯಾರಾದರೂ ನಿಮ್ಮ ಶಟರ್ ಮುಂದೆ ನಿಲ್ಲಿಸಿದರೆ ನೇರ ಒಳಗೆ ಬಂದು ನನ್ನನ್ನು ಕರೆಯಿರಿ.

ಈಗ ಬಾಗಿಲು ತೆರೆಯೋಣ. ತೇವ ಕಂಡುಹಿಡಿದ … ಅವರು ಮುಂದೆ ಬರಬೇಕು."

ಇದರಲ್ಲಿ "ಹೃತ್ಪೂರ್ವಕ", "ಅವಿರತ ಶ್ರಮ" ಅನ್ನುವ ಪದಗಳೇ ಇಲ್ಲ ಅನ್ನುವುದನ್ನು ಗಮನಿಸಿ. ಅವರು ಮಾಡಿದ್ದನ್ನೇ ಹೇಳಿದ ಮೇಲೆ ಅವುಗಳ ಅಗತ್ಯ ಬೀಳುವುದಿಲ್ಲ. ಸೋರಿಕೆಗೆ ಯಾರು ಕಾರಣ ಅನ್ನುವುದೂ ಇಲ್ಲ. ಪೈಪ್ ಮೇಲಿನ ಮನೆಯದು ಅನ್ನುವ ಮಾತು ಬೇಕಂತಲೇ ಬಿಟ್ಟದ್ದು, ಇಲ್ಲದಿದ್ದರೆ ಧನ್ಯವಾದದ ಜೊತೆ ದೂರೂ ಸೇರಿಕೊಳ್ಳುತ್ತದೆ. ಕೊನೆಯಲ್ಲಿ ಕೆಲಸಗಾರರೊಬ್ಬರನ್ನು ಮುಂದೆ ಕರೆಯುವ ಮುಂಚೆ ಅವರ ಒಪ್ಪಿಗೆ ಕೇಳಿ, ಮುಖ್ಯ ಅತಿಥಿಗಳಿಗೂ ತಿಳಿಸಿರಿ.

ಕರೆಯುವುದು ಮತ್ತು ಆ ದಿನ

ಧನ್ಯವಾದ ಪಡೆಯಬೇಕಾದವರು ಅಲ್ಲಿ ಇರದಿದ್ದರೆ ಇಷ್ಟೆಲ್ಲ ಬರೆದದ್ದು ದಂಡ. ಕೆಲಸಗಾರರು ಆಗಲೇ ಬೇರೆ ಸೈಟಿಗೆ ಹೋಗಿರುತ್ತಾರೆ, ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಅದಕ್ಕೇ ಮಾಲೀಕರ ಮೂಲಕ "ಎಲ್ಲರಿಗೂ ಹೇಳಿಬಿಡಿ" ಅಂದರೆ ಯಾರೂ ಬರುವುದಿಲ್ಲ. ನೀವೇ ಫೋನ್ ಮಾಡಿ, ಎಷ್ಟು ಹೊತ್ತಿಗೆ ಬಂದರೆ ಸಾಕು, ಎಷ್ಟು ಹೊತ್ತಿಗೆ ಹೊರಡಬಹುದು ಅಂತ ಹೇಳಿ, ಆ ದಿನದ ಕೂಲಿಗೆ ಏನು ಮಾಡಬಹುದು ಅಂತ ಅವರ ಮಾಲೀಕರ ಹತ್ತಿರ ಮಾತಾಡಿ. ಕೂರಲು ಕುರ್ಚಿ ಹಾಕಿಸಿ, ಮೊದಲ ಎರಡು ಸಾಲಿನ ಒಳಗೆ. ಬಂದವರಲ್ಲಿ ಕೆಲವರಿಗೆ ಕನ್ನಡ ಬಾರದಿದ್ದರೆ, ಅವರ ಕೆಲಸ ಹೇಳುವ ಒಂದು ಸಾಲನ್ನು ಅವರ ಭಾಷೆಯಲ್ಲೇ ಯಾರಿಂದಾದರೂ ಬರೆಸಿಕೊಂಡು ಓದಿ.

ಹೆಸರುಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಶುರುವಾಗುವ ಹತ್ತು ನಿಮಿಷ ಮುಂಚೆ ಸಭೆಯಲ್ಲಿ ಒಂದು ಸುತ್ತು ಹೋಗಿ, ಯಾರು ಬಂದಿದ್ದಾರೆ, ಎಲ್ಲಿ ಕೂತಿದ್ದಾರೆ ಅಂತ ಗುರುತು ಹಾಕಿಕೊಳ್ಳಿ. ಹೆಸರು ಹೇಳುವಾಗ ಅವರತ್ತ ನೋಡಿ ಹೇಳಿ, ಮತ್ತೆ ಒಂದು ಉಸಿರು ನಿಲ್ಲಿಸಿ. ಆ ಬಿಡುವು ಕೊಡದಿದ್ದರೆ ಚಪ್ಪಾಳೆ ಮುಂದಿನ ಹೆಸರಿನ ಮೇಲೆ ಬಿದ್ದು ಆ ಹೆಸರು ಯಾರಿಗೂ ಕೇಳಿಸುವುದಿಲ್ಲ. ಬಾರದವರ ಹೆಸರನ್ನೂ ಬಿಡಬೇಡಿ, ಹೇಳಿ.

ಅತಿಥಿಗಳು ತಡವಾಗಿ ಬಂದು ಸಮಯ ಕಡಿಮೆಯಾದರೆ? ಮೊದಲೇ ಎರಡು ನಿಮಿಷದ ಭಾಷಣವೊಂದನ್ನು ತಯಾರು ಮಾಡಿಟ್ಟುಕೊಳ್ಳಿ. ಅದರಲ್ಲಿ ಘಟನೆಯನ್ನು ಚಿಕ್ಕದು ಮಾಡಿ, ಹೆಸರು ಮತ್ತು ನೆರೆಯವರ ಕ್ಷಮೆಯ ಮಾತು ಮುಟ್ಟಬೇಡಿ. ಗಡಿಬಿಡಿಯಲ್ಲಿ ಜನ ಮೊದಲು ಕತ್ತರಿಸುವುದು ಅದನ್ನೇ.

ಇಷ್ಟಾದರೂ ಒಂದು ಹೆಸರು ಬಿಟ್ಟುಹೋಯಿತು ಅಂದುಕೊಳ್ಳಿ. ಮೈಕ್ ಕೈಯಲ್ಲಿರುವಾಗಲೇ ನೆನಪಾದರೆ "ಒಂದು ನಿಮಿಷ, ಒಬ್ಬರನ್ನು ಹೇಳಲೇಬೇಕು" ಅಂತ ಅವರ ಕೆಲಸದ ಜೊತೆ ಹೇಳಿಬಿಡಿ, ಅದು ಕೆಟ್ಟದಾಗಿ ಕಾಣುವುದಿಲ್ಲ. ಕೆಳಗಿಳಿದ ಮೇಲೆ ನೆನಪಾದರೆ ಮತ್ತೆ ಮೈಕ್ ಹತ್ತಿರ ಓಡಬೇಡಿ. ಅವರು ಹೊರಡುವ ಮುಂಚೆ ಅವರ ಹತ್ತಿರ ಹೋಗಿ, ಅವರ ಜೊತೆಯವರ ಎದುರಿಗೇ ಆ ಮಾತು ಹೇಳಿ, ಒಂದು ವಾರದೊಳಗೆ ಕಚೇರಿಯ ಕಾಗದದಲ್ಲಿ ಬರೆದು ಕಳಿಸಿ. ಕಾಗದದಲ್ಲಿ ಅವರು ಮಾಡಿದ ಕೆಲಸ ಏನು ಅಂತ ಬಿಡಿಸಿ ಬರೆಯಿರಿ, ಮುಂದೆ ಬೇರೆ ಕಡೆ ಕೆಲಸ ಕೇಳುವಾಗ ಅದನ್ನು ಅವರು ತೋರಿಸಬಹುದು. ಹೆಸರು ಬಂದವರಿಗೂ ಅಂಥದ್ದೊಂದು ಕಾಗದ ಕಳಿಸಿದರೆ ಇನ್ನೂ ಒಳ್ಳೆಯದು.